ಒಂಬತ್ತು ತಿಂಗಳ ಮಾರಾಟ: ಸ್ವಂತ ತಂಡವೋ, ಪಾರ್ಟ್ನರೋ, ಫ್ರೀ ಟ್ರಯಲೋ?

ಜೂನ್ ತಿಂಗಳಲ್ಲಿ ಪೀಣ್ಯದ ಒಂದು ಕಾರ್ಖಾನೆಯ ಮೆಂಟೆನೆನ್ಸ್ ಮ್ಯಾನೇಜರ್ ನಮ್ಮ ಡೆಮೊ ನೋಡಿ, "ಚೆನ್ನಾಗಿದೆ ಸರ್, ತಗೊಳ್ಳೋಣ" ಅಂದರು. ಪರ್ಚೇಸ್ ಆರ್ಡರ್, ಅಂದರೆ ಪಿಒ, ಕೈಗೆ ಸಿಕ್ಕಿದ್ದು ಮುಂದಿನ ಮಾರ್ಚ್‌ನಲ್ಲಿ. ನಡುವಿನ ಒಂಬತ್ತು ತಿಂಗಳಲ್ಲಿ ಒಬ್ಬರೂ ಬೇಡ ಅನ್ನಲಿಲ್ಲ. ಹಾಗಂತ ಸಹಿ ಹಾಕಲು ಪೆನ್ನನ್ನೂ ತೆಗೆಯಲಿಲ್ಲ. ನಮ್ಮ ಕಂಪನಿಯಲ್ಲಿ ಆಗ ಇದ್ದಿದ್ದು ಏಳು ಜನ. ಪ್ರತಿ ತಿಂಗಳ ಕೊನೆಗೆ ಸಂಬಳದ ದಿನ ಬಂದಾಗ ಆ "ತಗೊಳ್ಳೋಣ" ನೆನಪಾಗಿ ಹೊಟ್ಟೆ ಉರಿಯುತ್ತಿತ್ತು.

ಕಂಪನಿಗಳಿಗೆ ಸಾಫ್ಟ್‌ವೇರ್ ಮಾರುವವರಿಗೆ ಇದು ಹೊಸದಲ್ಲ. ಗೊಂದಲ ಇರುವುದು ಯಾವ ದಾರಿಯಲ್ಲಿ ಮಾರುಕಟ್ಟೆಗೆ ಇಳಿಯಬೇಕು ಅನ್ನುವುದರಲ್ಲಿ. ಸ್ವಂತ ಸೇಲ್ಸ್ ಜನರನ್ನು ಇಟ್ಟುಕೊಳ್ಳುವುದು ಒಂದು. ಪಾರ್ಟ್ನರ್‌ಗಳ ಮೂಲಕ ಮಾರುವುದು ಇನ್ನೊಂದು. ವೆಬ್‌ಸೈಟಿನಲ್ಲಿ ಫ್ರೀ ಟ್ರಯಲ್ ಇಟ್ಟು, ಬಂದವರು ತಾವೇ ಕೊಳ್ಳಲಿ ಅಂತ ಬಿಡುವುದು ಮೂರನೆಯದು. ನಾವು ಮೂರನ್ನೂ ಮಾಡಿ ನೋಡಿದ್ದೇವೆ, ಒಂದರಲ್ಲಿ ಚೆನ್ನಾಗಿ ಕೈ ಸುಟ್ಟುಕೊಂಡಿದ್ದೇವೆ.

ನಾವು ಮಾರುವುದು ಯಂತ್ರಗಳ ಮೆಂಟೆನೆನ್ಸ್ ಸಾಫ್ಟ್‌ವೇರ್. ಯಾವ ಮಷಿನ್ ಯಾವಾಗ ನಿಂತಿತು, ಯಾರು ರಿಪೇರಿ ಮಾಡಿದರು, ಎಷ್ಟು ಹೊತ್ತಾಯಿತು, ಸ್ಪೇರ್ ಪಾರ್ಟ್ ಇತ್ತಾ ಇಲ್ವಾ, ಮುಂದಿನ ಸರ್ವಿಸ್ ಎಂದು, ಇವನ್ನೆಲ್ಲ ಅದರಲ್ಲಿ ಬರೆದಿಡಬಹುದು. ಕೊಳ್ಳುವವರು ವಾಹನಗಳ ಬಿಡಿಭಾಗ ತಯಾರಿಸುವ ಮಧ್ಯಮ ಗಾತ್ರದ ಕಾರ್ಖಾನೆಗಳು. ಪೀಣ್ಯ, ಬೊಮ್ಮಸಂದ್ರ, ಬಿಡದಿ, ಹೊಸೂರು ಕಡೆ ಇಂಥವು ಬಹಳ ಇವೆ. ಲೆಕ್ಕ ಸುಲಭವಾಗಲಿ ಅಂತ ಒಂದು ಕಾರ್ಖಾನೆಗೆ ವರ್ಷಕ್ಕೆ 6 ಲಕ್ಷ ರೂಪಾಯಿ ಬೆಲೆ ಅಂತ ಇಟ್ಟುಕೊಳ್ಳುತ್ತೇನೆ. ನಿಮ್ಮ ಸಾಫ್ಟ್‌ವೇರ್ ಬೇರೆ ಇರಬಹುದು. ಆಗ ನಿಮ್ಮ ಅಂಕಿಗಳನ್ನು ಹಾಕಿ ಇದೇ ಲೆಕ್ಕ ಮಾಡಿ ನೋಡಿ.

ಮೊದಲು, ಆ ಒಂಬತ್ತು ತಿಂಗಳು ಎಲ್ಲಿ ಹೋಯಿತು?

ದಾರಿ ಆರಿಸುವ ಮುಂಚೆ ಇದು ಗೊತ್ತಿರಬೇಕು. ಯಾಕೆಂದರೆ ಈ ತಿಂಗಳುಗಳಲ್ಲಿ ಆಗುವ ಕೆಲಸವನ್ನು ಯಾರಾದರೂ ಮಾಡಲೇಬೇಕು. ಅದನ್ನು ಯಾರು ಮಾಡುತ್ತಾರೆ ಅನ್ನುವುದರಲ್ಲೇ ಮೂರು ದಾರಿಗಳ ವ್ಯತ್ಯಾಸ ಇರುವುದು.

ಆ ಪೀಣ್ಯದ ಕಾರ್ಖಾನೆಯನ್ನೇ ನೋಡೋಣ. ಜುಲೈನಲ್ಲಿ ಅಲ್ಲಿ ಶಾಪ್ ಫ್ಲೋರ್ ಸುತ್ತಿ 92 ಮಷಿನ್‌ಗಳ ಪಟ್ಟಿ ಮಾಡಿದೆವು. ಆಗಸ್ಟ್ ಮತ್ತು ಸೆಪ್ಟೆಂಬರ್‌ನಲ್ಲಿ ಒಂದು ಲೈನಿನ 14 ಮಷಿನ್‌ಗಳ ಮೇಲೆ ಪೈಲಟ್ ನಡೆಯಿತು. ಅಕ್ಟೋಬರ್‌ನಲ್ಲಿ ಆಯುಧಪೂಜೆ, ಆಮೇಲೆ ದೀಪಾವಳಿ. ಹಬ್ಬದ ಮುಂಚೆ ಪ್ರೊಡಕ್ಷನ್ ಒತ್ತಡ, ಹಬ್ಬದಲ್ಲಿ ರಜೆ. ಆ ಒಂದೂವರೆ ತಿಂಗಳು ಯಾರನ್ನೂ ಹಿಡಿಯಲು ಆಗುವುದಿಲ್ಲ, ಅದನ್ನು ಮೊದಲೇ ಲೆಕ್ಕದಿಂದ ಬಿಟ್ಟುಬಿಡಿ.

ನವೆಂಬರ್‌ನಲ್ಲಿ ಐಟಿ ವಿಭಾಗ ಒಂದು ಫಾರ್ಮ್ ಕಳಿಸಿತು. ಡೇಟಾ ಯಾವ ಸರ್ವರಿನಲ್ಲಿ ಇರುತ್ತದೆ, ಬ್ಯಾಕಪ್ ಎಷ್ಟು ದಿನಕ್ಕೊಮ್ಮೆ, ಸೆಕ್ಯುರಿಟಿ ಟೆಸ್ಟ್ ಕೊನೆಯ ಸಲ ಯಾವಾಗ ಮಾಡಿಸಿದ್ದೀರಿ ಎಂಬಂಥ ಪ್ರಶ್ನೆಗಳು. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ ಪಟ್ಟಿಯಲ್ಲಿರುವ ಆಡಿಟರ್‌ನಿಂದಲೇ ವಿಎಪಿಟಿ ವರದಿ, ಅಂದರೆ ಸಾಫ್ಟ್‌ವೇರಿನ ಸೆಕ್ಯುರಿಟಿ ಲೋಪಗಳನ್ನು ಹುಡುಕುವ ಪರೀಕ್ಷೆಯ ವರದಿ, ಬೇಕು ಅಂದರು. ನಮ್ಮ ಬಳಿ ಇರಲಿಲ್ಲ. ಮಾಡಿಸಿ ತರುವಷ್ಟರಲ್ಲಿ ಆರು ವಾರ ಹೋಯಿತು. ಈ ತಪ್ಪು ಪೂರ್ತಿ ನಮ್ಮದೇ. ಜೂನ್‌ನಲ್ಲೇ "ನಿಮ್ಮ ಐಟಿ ಫಾರ್ಮ್ ಒಂದು ಕಾಪಿ ಕೊಡ್ತೀರಾ?" ಅಂತ ಕೇಳಿದ್ದರೆ ಪೈಲಟ್ ನಡೆಯುವಾಗಲೇ ಆ ಕೆಲಸ ಮುಗಿದುಹೋಗುತ್ತಿತ್ತು.

ಆಮೇಲೆ ಫೈನಾನ್ಸ್. ಪೈಲಟ್ ನಡೆದ ಲೈನಿನಲ್ಲಿ ಮುಂಚೆ ತಿಂಗಳಿಗೆ 38 ಗಂಟೆ ಮಷಿನ್ ನಿಲ್ಲುತ್ತಿತ್ತು. ಅದು 29ಕ್ಕೆ ಇಳಿದಿತ್ತು. ಹೀಗೆ ಉಳಿತಾಯವಾದ 9 ಗಂಟೆಯಲ್ಲಿ ಜಾಸ್ತಿ ಪಾಲು ಸ್ಪೇರ್ ಪಾರ್ಟಿಗೆ ಕಾಯುವ ಸಮಯ ಕಡಿಮೆಯಾದದ್ದರಿಂದ ಬಂದದ್ದು. ಒಂದು ಗಂಟೆ ನಿಂತರೆ 7,000 ರೂಪಾಯಿ ನಷ್ಟ ಎಂದು ಅವರದೇ ಕಾಸ್ಟಿಂಗ್ ಶೀಟ್ ಹೇಳುತ್ತಿತ್ತು. ಅಂದರೆ ತಿಂಗಳಿಗೆ 63,000, ವರ್ಷಕ್ಕೆ ಸುಮಾರು ಏಳೂವರೆ ಲಕ್ಷ. ಫೈನಾನ್ಸ್‌ನವರು ಅದರಲ್ಲಿ ಅರ್ಧವನ್ನು ಮಾತ್ರ ಒಪ್ಪಿದರು. ಇಂಥ ಲೈನ್ ಅಲ್ಲಿ ನಾಲ್ಕು ಇದ್ದವು, ಹಾಗಾಗಿ ಅರ್ಧವೂ ಸಾಕಾಯಿತು. ಗಂಟೆಗೆ ಎಷ್ಟು ನಷ್ಟ ಅನ್ನುವ ಅಂಕಿಯನ್ನು ನಾವು ಹೇಳದೆ ಅವರಿಂದಲೇ ಪಡೆದದ್ದು ಇಲ್ಲಿ ಕೆಲಸಕ್ಕೆ ಬಂತು. ಮಾರುವವನು ತಂದ ಅಂಕಿಯನ್ನು ಯಾವ ಅಕೌಂಟೆಂಟೂ ನಂಬುವುದಿಲ್ಲ.

ಜನವರಿಯಲ್ಲಿ ಮುಂದಿನ ವರ್ಷದ ಬಜೆಟ್ ತಯಾರಾಗುತ್ತಿತ್ತು. ನಮ್ಮದು ಅದರೊಳಗೆ ಸೇರಿತು. ಫೆಬ್ರವರಿಯಲ್ಲಿ ಪರ್ಚೇಸ್ ವಿಭಾಗ ಮೂರು ಕೊಟೇಶನ್ ತರಿಸಿತು, ಬೆಲೆ ಇಳಿಸಿತು, ನಮ್ಮನ್ನು ಅವರ ಪಟ್ಟಿಗೆ ಸೇರಿಸುವ ವೆಂಡರ್ ಕೋಡ್ ಮಾಡಿತು. ಮಾರ್ಚ್‌ನಲ್ಲಿ ಪಿಒ ಬಂತು.

ಇಷ್ಟೆಲ್ಲ ಮೇಜುಗಳ ಮೇಲೆ ಫೈಲನ್ನು ಒಳಗಿನಿಂದ ತಳ್ಳಿದವರು ಯಾರು ಗೊತ್ತಾ? ಮೊದಲ ದಿನ "ತಗೊಳ್ಳೋಣ" ಅಂದ ಮೆಂಟೆನೆನ್ಸ್ ಮ್ಯಾನೇಜರ್ ಅಲ್ಲ. ಕ್ವಾಲಿಟಿ ಹೆಡ್. ವಾಹನ ಬಿಡಿಭಾಗದವರಿಗೆ ಐಎಟಿಎಫ್ 16949 ಎಂಬ ಕ್ವಾಲಿಟಿ ಸರ್ಟಿಫಿಕೇಟ್ ಇಲ್ಲದಿದ್ದರೆ ದೊಡ್ಡ ವಾಹನ ಕಂಪನಿಗಳಿಂದ ಆರ್ಡರ್ ಸಿಗುವುದು ಕಷ್ಟ. ಅದರ 8.5.1.5 ಕಲಮು ಮೆಂಟೆನೆನ್ಸ್ ಬಗ್ಗೆಯೇ ಇದೆ. ರಿಪೇರಿಗೆ ಸರಾಸರಿ ಎಷ್ಟು ಹೊತ್ತು, ಎರಡು ಬ್ರೇಕ್‌ಡೌನ್‌ಗಳ ನಡುವೆ ಸರಾಸರಿ ಎಷ್ಟು ಹೊತ್ತು, ಇಂಥ ಅಳತೆಗಳನ್ನು ಗುರಿಯಾಗಿಟ್ಟು ದಾಖಲೆ ಇಡಬೇಕು ಅನ್ನುತ್ತದೆ. ಹಿಂದಿನ ಆಡಿಟ್‌ನಲ್ಲಿ ಆ ಕಾರ್ಖಾನೆಗೆ ಇದೇ ಕಲಮಿನ ಕೆಳಗೆ ಒಂದು ಎನ್‌ಸಿ, ಅಂದರೆ ನಿಯಮ ಪಾಲಿಸಿಲ್ಲ ಎಂಬ ಆಕ್ಷೇಪ, ಬಿದ್ದಿತ್ತು. ಅದನ್ನು ಸರಿಪಡಿಸಿದ್ದು ನಿಜಕ್ಕೂ ನಿಂತಿದೆ ಎಂದು ಮುಂದಿನ ಆಡಿಟ್‌ನಲ್ಲಿ ತೋರಿಸಬೇಕಿತ್ತು. ನಮಗೆ ಈ ವಿಷಯ ಗೊತ್ತಾಗಿದ್ದು ಅಕ್ಟೋಬರ್‌ನಲ್ಲಿ, ಅದೂ ಕ್ಯಾಂಟೀನಿನಲ್ಲಿ ಕಾಫಿ ಕುಡಿಯುವಾಗ.

ಸ್ವಂತ ತಂಡ: ದುಬಾರಿ, ಆದರೆ ಕ್ಯಾಂಟೀನಿನ ಮಾತು ಕಿವಿಗೆ ಬೀಳುತ್ತದೆ

ಈ ದಾರಿಯ ಲೆಕ್ಕ ನೋಡೋಣ. ಕಾರ್ಖಾನೆಗಳನ್ನು ಬಲ್ಲ ಒಬ್ಬ ಸೇಲ್ಸ್ ಮನುಷ್ಯನಿಗೆ ಸಂಬಳ, ಇನ್ಸೆಂಟಿವ್, ಓಡಾಟ ಎಲ್ಲ ಸೇರಿ ತಿಂಗಳಿಗೆ ಒಂದೂವರೆ ಲಕ್ಷ ಎಂದುಕೊಳ್ಳೋಣ. ಡೆಮೊ ಕೊಡಲು, ಪೈಲಟ್ ನಡೆಸಲು ಒಬ್ಬ ಎಂಜಿನಿಯರಿನ ಅರ್ಧ ಸಮಯ ಬೇಕು, ಅದಕ್ಕೆ 40,000. ವರ್ಷಕ್ಕೆ ಒಟ್ಟು 22.8 ಲಕ್ಷ. ಈ ಮನುಷ್ಯ ವರ್ಷದಲ್ಲಿ 24 ಕಾರ್ಖಾನೆಗಳ ಜೊತೆ ಗಂಭೀರವಾಗಿ ಮಾತಾಡಿ, ಆರಕ್ಕೆ ಒಂದರಂತೆ 4 ಪಿಒ ತರುತ್ತಾನೆ ಅಂತಿಟ್ಟುಕೊಂಡರೆ ಒಬ್ಬ ಗ್ರಾಹಕನನ್ನು ಪಡೆಯಲು 5.7 ಲಕ್ಷ ಖರ್ಚು.

ಗ್ರಾಹಕ ಕೊಡುವ 6 ಲಕ್ಷದಲ್ಲಿ ಸರ್ವರ್, ಸಪೋರ್ಟ್‌ಗೆ ಒಂದೂವರೆ ಲಕ್ಷ ಹೋದರೆ ಉಳಿಯುವುದು ನಾಲ್ಕೂವರೆ. ಅಂದರೆ ಹಾಕಿದ ದುಡ್ಡು ವಾಪಸ್ ಬರಲು ಪಿಒ ಆದ ಮೇಲೆ ಸುಮಾರು 15 ತಿಂಗಳು ಬೇಕು. ಪಿಒಗಿಂತ ಮುಂಚಿನ ಒಂಬತ್ತು ತಿಂಗಳು ಸೇರಿಸಿ. ಮೊದಲ ಭೇಟಿಯಿಂದ ಎರಡು ವರ್ಷ ದುಡ್ಡು ಹೊರಗೇ ಇರುತ್ತದೆ. ಇದು ತಡೆದುಕೊಳ್ಳಬಹುದಾದ ಲೆಕ್ಕ, ಗ್ರಾಹಕ ನಾಲ್ಕೈದು ವರ್ಷ ಉಳಿಯುವುದಾದರೆ.

ಈಗ ಬೆಲೆ 6 ಲಕ್ಷದ ಬದಲು 2 ಲಕ್ಷ ಎಂದುಕೊಳ್ಳಿ, ಸಪೋರ್ಟ್ ಕಳೆದು ಒಂದೂವರೆ ಉಳಿಯುತ್ತದೆ ಅನ್ನಿ. ಓಡಾಟ ಅಷ್ಟೇ, ಮೇಜುಗಳೂ ಅಷ್ಟೇ. ಪರ್ಚೇಸ್ ವಿಭಾಗ 2 ಲಕ್ಷಕ್ಕೂ ಅದೇ ಮೂರು ಕೊಟೇಶನ್ ಕೇಳುತ್ತದೆ. ಆಗ ದುಡ್ಡು ವಾಪಸ್ ಬರಲು ಸುಮಾರು ನಾಲ್ಕು ವರ್ಷ. ಈ ಬೆಲೆಗೆ ಸ್ವಂತ ತಂಡ ಇಟ್ಟುಕೊಂಡರೆ ಮಾರಿದಷ್ಟೂ ಸಾಲ. ಸ್ಪರ್ಧೆಯ ಭಯಕ್ಕೆ ಸುಮ್ನೆ ಬೆಲೆ ಇಳಿಸುವವರು ಈ ಒಂದು ಲೆಕ್ಕವನ್ನು ಗೋಡೆಗೆ ಅಂಟಿಸಿಕೊಳ್ಳಬೇಕು.

ಸ್ವಂತ ತಂಡದ ನಿಜವಾದ ಲಾಭ ಲೆಕ್ಕದಲ್ಲಿ ಕಾಣುವುದಿಲ್ಲ. ಎನ್‌ಸಿ ವಿಷಯ ನಮಗೆ ತಿಳಿದದ್ದು ನಮ್ಮವರೇ ಅಲ್ಲಿ ಕೂತಿದ್ದರಿಂದ. ಮೊದಲ ಹತ್ತು ಗ್ರಾಹಕರನ್ನಂತೂ ಕಂಪನಿ ಕಟ್ಟಿದವರೇ ಹೋಗಿ ಮಾರಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಸೇಲ್ಸ್ ಮನುಷ್ಯನನ್ನು ಮೊದಲ ದಿನವೇ ತಂದರೆ ಅವನಿಗೆ ಏನು ಹೇಳಿಕೊಡುತ್ತೀರಿ? ಫೈಲನ್ನು ತಳ್ಳುವವರು ಕ್ವಾಲಿಟಿ ಹೆಡ್ ಎಂದು ನಮಗೇ ಗೊತ್ತಿರಲಿಲ್ಲ.

ಪಾರ್ಟ್ನರ್: ಟ್ಯಾಲಿಗೆ ಆದದ್ದು ನಮಗೆ ಯಾಕೆ ಆಗಲಿಲ್ಲ

ಪಾರ್ಟ್ನರ್ ದಾರಿ ಅಂದ ಕೂಡಲೇ ಎಲ್ಲರೂ ಟ್ಯಾಲಿಯ ಉದಾಹರಣೆ ಕೊಡುತ್ತಾರೆ. ನಮ್ಮ ಬೆಂಗಳೂರಿನದೇ ಕಂಪನಿ. ದೇಶದ ಸಣ್ಣ ಊರುಗಳಲ್ಲೂ ಟ್ಯಾಲಿ ಪಾರ್ಟ್ನರ್ ಇದ್ದಾರೆ. ನಾವೂ ಇದನ್ನೇ ನೋಡಿ, ಲೆಕ್ಕ, ಸ್ಟಾಕ್, ಖರೀದಿ ಎಲ್ಲವನ್ನೂ ಒಂದೇ ಕಡೆ ನೋಡಿಕೊಳ್ಳುವ ಇಆರ್‌ಪಿ ಸಾಫ್ಟ್‌ವೇರನ್ನು ಅಳವಡಿಸುವ ಒಂದು ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡೆವು. ಮೊದಲ ವರ್ಷದ ಬಿಲ್ಲಿನಲ್ಲಿ 30 ಪರ್ಸೆಂಟ್, ರಿನ್ಯೂವಲ್‌ನಲ್ಲಿ 20 ಪರ್ಸೆಂಟ್ ಅವರಿಗೆ. ಅವರ ಬಳಿ ನೂರಾರು ಕಾರ್ಖಾನೆಗಳ ಪರಿಚಯ ಇತ್ತು. ಕಾಗದದ ಮೇಲೆ ಇದಕ್ಕಿಂತ ಚೆಂದದ ದಾರಿ ಇರಲಿಲ್ಲ. ಗೆದ್ದರೆ ಮಾತ್ರ ಖರ್ಚು, ಸೋತರೆ ಏನೂ ಇಲ್ಲ.

ಹದಿನಾಲ್ಕು ತಿಂಗಳಲ್ಲಿ ಅವರಿಂದ ಬಂದದ್ದು ಒಂದೇ ಒಂದು ಪಿಒ. ಆ ಕಾರ್ಖಾನೆಯ ಮಾಲೀಕರು ನಮಗೆ ಮೊದಲೇ ಪರಿಚಯ.

ಅವರು ಸೋಮಾರಿಗಳಾಗಿರಲಿಲ್ಲ. ಲೆಕ್ಕವೇ ಹಾಗಿತ್ತು. ಅವರ ಸೇಲ್ಸ್ ಮನುಷ್ಯ ಒಂದು ಇಆರ್‌ಪಿ ಪ್ರಾಜೆಕ್ಟ್ ಗೆದ್ದರೆ ಅರ್ಧ ಕೋಟಿಯ ಕೆಲಸ. ನಮ್ಮದನ್ನು ಗೆದ್ದರೆ ಕಂಪನಿಗೆ 1.8 ಲಕ್ಷ. ಎರಡಕ್ಕೂ ಒಂಬತ್ತು ತಿಂಗಳ ಓಡಾಟ. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಅವನ ಜಾಗದಲ್ಲಿ ನಾನಿದ್ದರೂ ನಮ್ಮ ಬ್ರೋಷರನ್ನು ಬ್ಯಾಗಿನ ತಳದಲ್ಲೇ ಇಟ್ಟಿರುತ್ತಿದ್ದೆ.

ಟ್ಯಾಲಿಯಲ್ಲಿ ಕಥೆ ಬೇರೆ. ಅಂಗಡಿ ಅಥವಾ ಸಣ್ಣ ಕಂಪನಿಯ ಮಾಲೀಕರು ತಾವೇ ನಿರ್ಧಾರ ಮಾಡುತ್ತಾರೆ, ಅದಕ್ಕೆ ಕೆಲವು ದಿನ ಸಾಕು. ಆಮೇಲೆ ಇನ್‌ಸ್ಟಾಲ್, ತರಬೇತಿ, ವರ್ಷದ ಸರ್ವಿಸ್, ಸಣ್ಣಪುಟ್ಟ ಬದಲಾವಣೆ ಅಂತ ಪಾರ್ಟ್ನರ್‌ಗೆ ತನ್ನದೇ ಆದಾಯ ಬರುತ್ತಲೇ ಇರುತ್ತದೆ. ಮಾರಾಟ ಬೇಗ ಆಗಬೇಕು, ಮಾರಿದ ಮೇಲೂ ಪಾರ್ಟ್ನರ್‌ಗೆ ಕೆಲಸ ಇರಬೇಕು. ನಮ್ಮಲ್ಲಿ ಎರಡೂ ಇರಲಿಲ್ಲ. ಮಾರಾಟ ನಿಧಾನವಾದಷ್ಟೂ ಪಾರ್ಟ್ನರ್ ಬೇಕು ಅನಿಸುತ್ತದೆ, ಅಲ್ವಾ? ಆದರೆ ಮಾರಾಟ ನಿಧಾನವಾದಷ್ಟೂ ಕೈಬಿಡುವವರಲ್ಲಿ ಪಾರ್ಟ್ನರೇ ಮೊದಲಿಗರು.

ನಿಮ್ಮ ಸಾಫ್ಟ್‌ವೇರಿಗೆ ಅಳವಡಿಕೆಯ ಕೆಲಸವೇ ದೊಡ್ಡದಾಗಿದ್ದರೆ ಉತ್ತರ ಬದಲಾಗುತ್ತದೆ. ದೊಡ್ಡ ಕಂಪನಿಗಳು ಬಳಸುವ ಇಆರ್‌ಪಿ ಎಸ್‌ಎಪಿಯ ಸುತ್ತ ಅಷ್ಟು ದೊಡ್ಡ ಕಂಪನಿಗಳು ಪಾರ್ಟ್ನರ್ ಆಗಿ ನಿಂತಿರುವುದು ಲೈಸೆನ್ಸ್ ಕಮಿಷನ್‌ಗಾಗಿ ಅಲ್ಲ, ಅಳವಡಿಕೆಯ ಕೆಲಸಕ್ಕಾಗಿ. ಲೈಸೆನ್ಸ್‌ನ ಒಂದು ರೂಪಾಯಿಗೆ ಪಾರ್ಟ್ನರ್ ತನ್ನ ಕೆಲಸದಿಂದ ಎಷ್ಟು ರೂಪಾಯಿ ಗಳಿಸಬಹುದು ಎಂದು ಕೇಳಿಕೊಳ್ಳಿ. ಎರಡು ಮೂರು ರೂಪಾಯಿ ಆಗುವಂತಿದ್ದರೆ ಪಾರ್ಟ್ನರ್ ಓಡಾಡುತ್ತಾನೆ. ನಮ್ಮದರಲ್ಲಿ ಅದು 25 ಪೈಸೆಯೂ ಆಗುತ್ತಿರಲಿಲ್ಲ. ನಾವೇ ಅಳವಡಿಕೆಯನ್ನು ಒಂದು ವಾರಕ್ಕೆ ಇಳಿಸಿ ಹೆಮ್ಮೆ ಪಟ್ಟಿದ್ದೆವು!

ಮಾರದ ಪಾರ್ಟ್ನರ್

ಆಮೇಲೆ ನಮಗೆ ಕೆಲಸ ಮಾಡಿದ್ದು ಇನ್ನೊಂದು ಬಗೆಯ ಪಾರ್ಟ್ನರ್. ಬೇರೆ ಕಾರಣಕ್ಕೆ ತಿಂಗಳಿಗೊಮ್ಮೆಯಾದರೂ ಕಾರ್ಖಾನೆಯ ಒಳಗೆ ಹೋಗುವವರು. ಐಎಟಿಎಫ್‌ಗೆ ಕಾರ್ಖಾನೆಯನ್ನು ತಯಾರು ಮಾಡುವ ಕನ್ಸಲ್ಟೆಂಟ್, ಕ್ಯಾಲಿಬ್ರೇಷನ್ ಲ್ಯಾಬಿನವರು, ಕಂಪ್ರೆಸರ್ ಸರ್ವಿಸ್ ಮಾಡುವವರು. ಇವರು ಮಾರಬೇಕಾಗಿಲ್ಲ. "ಇವರನ್ನು ಒಂದು ಸಲ ಕರೆಸಿ ನೋಡಿ" ಅಂತ ಸರಿಯಾದ ವ್ಯಕ್ತಿಗೆ ಹೇಳಿದರೆ ಸಾಕು. ಪಿಒ ಆದರೆ ಮೊದಲ ವರ್ಷದ ಬಿಲ್ಲಿನ 10 ಪರ್ಸೆಂಟ್, ಅಂದರೆ 60,000.

ಒಂದು ಫೋನ್ ಮಾಡಿದ್ದಕ್ಕೆ 60,000 ಒಳ್ಳೆಯ ದುಡ್ಡು. ಒಂಬತ್ತು ತಿಂಗಳು ಓಡಾಡಿದ್ದಕ್ಕೆ 1.8 ಲಕ್ಷ ಕೆಟ್ಟ ದುಡ್ಡು. ಇದು ಅರ್ಥವಾಗಲು ನಮಗೆ ಹದಿನಾಲ್ಕು ತಿಂಗಳು ಬೇಕಾಯಿತು.

ಕನ್ಸಲ್ಟೆಂಟ್‌ಗೆ ಯಾವ ಕಾರ್ಖಾನೆಗೆ ಆಡಿಟ್ ಹತ್ತಿರ ಇದೆ, ಮೆಂಟೆನೆನ್ಸ್ ದಾಖಲೆ ಎಲ್ಲಿ ಹಾಳಾಗಿದೆ ಎಂಬ ಅಂದಾಜು ಇರುತ್ತದೆ. ಹಾಗಾಗಿ ಅವರು ಪರಿಚಯಿಸುವ ಕಾರ್ಖಾನೆಗಳಿಗೆ ನಮ್ಮ ಅಗತ್ಯ ಇದ್ದೇ ಇರುತ್ತದೆ. ಲೆಕ್ಕಕ್ಕೆ ಹೀಗೆ ಅಂದುಕೊಳ್ಳಿ. ಅದೇ ಸೇಲ್ಸ್ ಮನುಷ್ಯ 24ರ ಬದಲು ಇಂಥ 18 ಕಾರ್ಖಾನೆಗಳನ್ನು ಹಿಡಿದು, ಮೂರಕ್ಕೆ ಒಂದರಂತೆ 6 ಪಿಒ ತರುತ್ತಾನೆ. 22.8 ಲಕ್ಷಕ್ಕೆ ಕಮಿಷನ್ 3.6 ಲಕ್ಷ ಸೇರಿಸಿದರೆ 26.4. ಒಂದು ಗ್ರಾಹಕನಿಗೆ 4.4 ಲಕ್ಷ. ದುಡ್ಡು ವಾಪಸ್ ಬರುವ ಅವಧಿ 15 ತಿಂಗಳಿಂದ 12ಕ್ಕೆ ಇಳಿಯಿತು. ಮೇಜಿನಿಂದ ಮೇಜಿಗೆ ಫೈಲ್ ತಳ್ಳುವ ಕೆಲಸ ಮಾತ್ರ ನಮ್ಮ ಕೈಯಲ್ಲೇ ಉಳಿಯಿತು.

ಎರಡು ಎಚ್ಚರಿಕೆ. ಈ ಕಮಿಷನ್ ಗುಟ್ಟಾಗಿ ಇರಬಾರದು. ಕಾರ್ಖಾನೆಯಿಂದ ಫೀಸ್ ತೆಗೆದುಕೊಳ್ಳುವ ಕನ್ಸಲ್ಟೆಂಟ್ ನಮ್ಮಿಂದಲೂ ದುಡ್ಡು ಪಡೆಯುತ್ತಾರೆ ಎಂಬುದು ಆಮೇಲೆ ಬಯಲಾದರೆ ಇಬ್ಬರಿಗೂ ಆ ಬಾಗಿಲು ಮುಚ್ಚಿತು. ನಾವು ಅದನ್ನು ಮೊದಲ ಪ್ರಪೋಸಲ್‌ನಲ್ಲೇ ಒಂದು ಸಾಲಿನಲ್ಲಿ ಬರೆಯುತ್ತೇವೆ. ಕೆಲವು ಕಂಪನಿಗಳ ಪರ್ಚೇಸ್ ನಿಯಮ ಇದನ್ನು ಒಪ್ಪುವುದಿಲ್ಲ, ಅಲ್ಲಿ ಕಮಿಷನ್ ಬಿಟ್ಟೇ ಮಾರಬೇಕು. ಇನ್ನೊಂದು, ಕನ್ಸಲ್ಟೆಂಟ್ ಬೇರೆ, ಸರ್ಟಿಫಿಕೇಟ್ ಕೊಡುವ ಸಂಸ್ಥೆಯ ಆಡಿಟರ್ ಬೇರೆ. ಆಡಿಟರ್ ಪಕ್ಷಪಾತ ಇಲ್ಲದೆ ನೋಡಬೇಕಾದವರು. ಅವರ ಹತ್ತಿರ ಈ ಮಾತನ್ನು ಎತ್ತಲೇಬೇಡಿ.

ಫ್ರೀ ಟ್ರಯಲ್: ನಮ್ಮಂಥವರಿಗೆ ಅಲ್ಲ

ಇದನ್ನು ಬೇಗ ಮುಗಿಸುತ್ತೇನೆ. ಚೆನ್ನೈನಲ್ಲಿ 2010ರಲ್ಲಿ ಶುರುವಾದ ಫ್ರೆಶ್‌ವರ್ಕ್ಸ್ ಈ ದಾರಿಯಲ್ಲಿ ಬೆಳೆದು 2021ರಲ್ಲಿ ನಾಸ್ಡಾಕ್‌ನಲ್ಲಿ ಲಿಸ್ಟ್ ಆಯಿತು. ಗ್ರಾಹಕರ ದೂರುಗಳನ್ನು ನೋಡಿಕೊಳ್ಳುವ ಅವರ ಸಾಫ್ಟ್‌ವೇರನ್ನು ಒಂದು ಸಣ್ಣ ತಂಡದ ಮುಖ್ಯಸ್ಥ ಮಧ್ಯಾಹ್ನ ಸೈನ್ ಅಪ್ ಮಾಡಿ ಸಂಜೆಯೊಳಗೆ ಉಪಯೋಗಿಸಬಹುದಿತ್ತು. ದೊಡ್ಡ ಕಂಪನಿಗಳಿಗೆ ಮಾರಲು ಹೊರಟಾಗ ಅವರೂ ಸೇಲ್ಸ್ ಜನರನ್ನು ಕಟ್ಟಿಕೊಂಡರು.

ನಮ್ಮ ಟ್ರಯಲ್‌ಗೆ ಸೈನ್ ಅಪ್ ಏನೋ ಬಂದವು. ಜಾಸ್ತಿ ಜನ ಮೂರು ಮಷಿನ್ ಹೆಸರು ಟೈಪ್ ಮಾಡಿ ಬಿಟ್ಟುಹೋದರು. ಕಾರಣ ಸರಳ. ಈ ಸಾಫ್ಟ್‌ವೇರಿನ ಉಪಯೋಗ ಕಾಣಬೇಕಾದರೆ ಮೂರು ಶಿಫ್ಟ್‌ನ ಫಿಟ್ಟರ್‌ಗಳು ಕನಿಷ್ಠ ಒಂದೂವರೆ ತಿಂಗಳು ಬ್ರೇಕ್‌ಡೌನ್‌ಗಳನ್ನು ಬರೆಯಬೇಕು. ಅವರಿಗೆ ಹಾಗೆ ಬರೆಯಿರಿ ಅಂತ ಹೇಳುವವರು ಯಾರು? ವೆಬ್‌ಸೈಟ್ ಹೇಳುವುದಿಲ್ಲ. ನಿಮ್ಮ ಸಾಫ್ಟ್‌ವೇರನ್ನು ಒಬ್ಬನೇ ಮನುಷ್ಯ, ಯಾರ ಅನುಮತಿಯೂ ಇಲ್ಲದೆ, ಒಂದು ವಾರದೊಳಗೆ ಉಪಯೋಗಿಸಿ ಲಾಭ ಕಾಣಬಹುದೇ? ಹೌದಾದರೆ ಟ್ರಯಲ್ ಇಡಿ. ಇಲ್ಲವಾದರೆ ಆ ಶ್ರಮವನ್ನು ದುಡ್ಡು ಕೊಟ್ಟು ಮಾಡಿಸುವ ಪೈಲಟ್ ಮೇಲೆ ಹಾಕಿ.

ದುಡ್ಡು ಕೊಟ್ಟು ಮಾಡಿಸುವ ಪೈಲಟ್

ಪೈಲಟ್ ಪುಕ್ಕಟೆ ಕೊಡಬೇಕೋ ದುಡ್ಡಿಗೋ ಅನ್ನುವುದು ಮೂರು ದಾರಿಗಳಷ್ಟೇ ದೊಡ್ಡ ಆಯ್ಕೆ. ಪುಕ್ಕಟೆ ಕೊಟ್ಟರೆ ಶುರು ಬೇಗ ಆಗುತ್ತದೆ, ಆದರೆ ಮುಗಿಯುವುದೇ ಇಲ್ಲ. ಫಿಟ್ಟರ್‌ಗಳು ಎಂಟ್ರಿ ಮಾಡದಿದ್ದರೆ ಯಾರೂ ಕೇಳುವುದಿಲ್ಲ, ಯಾಕೆಂದರೆ ಯಾರ ಬಜೆಟ್ಟಿನಿಂದಲೂ ದುಡ್ಡು ಹೋಗಿಲ್ಲ.

ನಾವು ಈಗ ಎಂಟು ವಾರದ ಪೈಲಟ್‌ಗೆ 75,000 ಕೇಳುತ್ತೇವೆ. ಪೂರ್ತಿ ಕೊಂಡರೆ ಅದನ್ನು ಮೊದಲ ವರ್ಷದ ಬಿಲ್ಲಿನಲ್ಲಿ ಕಳೆಯುತ್ತೇವೆ. ಈ ಮೊತ್ತ ಆಕಾಶದಿಂದ ಬಿದ್ದದ್ದಲ್ಲ. ಪ್ಲಾಂಟ್ ಹೆಡ್ ಹತ್ತಿರ ನೇರವಾಗಿ ಕೇಳಿ: "ನಿಮ್ಮ ಸಹಿಯಲ್ಲೇ ಎಷ್ಟರವರೆಗೆ ಪಿಒ ಆಗುತ್ತೆ ಸರ್?" ಅವರು ಒಂದು ಲಕ್ಷ ಅಂದರೆ ಜಿಎಸ್‌ಟಿ ಸೇರಿ ಅದರೊಳಗೆ ಬರುವಂತೆ ಬೆಲೆ ಇಡಿ. ಪೈಲಟ್‌ನ ಸಣ್ಣ ಪಿಒ ಇನ್ನೊಂದು ಉಪಕಾರ ಮಾಡುತ್ತದೆ. ವೆಂಡರ್ ಕೋಡ್ ಆಗಲೇ ಆಗಿಹೋಗುತ್ತದೆ, ಐಟಿ ಫಾರ್ಮ್ ಆಗಲೇ ಹೊರಗೆ ಬರುತ್ತದೆ. ಕೊನೆಯಲ್ಲಿ ಕಾಡುವ ಎರಡು ಮೇಜುಗಳು ಮೊದಲೇ ದಾಟಿರುತ್ತವೆ.

ಪೈಲಟ್ ಶುರುವಾಗುವ ಮುಂಚೆಯೇ ಯಾವುದು ಗೆಲುವು ಎಂದು ಬರೆದು ಇಬ್ಬರೂ ಸಹಿ ಹಾಕಿ. ನಮ್ಮದರಲ್ಲಿ ಎರಡೇ ಸಾಲು ಇರುತ್ತದೆ. ಆ ಲೈನಿನ ಹತ್ತು ಬ್ರೇಕ್‌ಡೌನ್‌ಗಳಲ್ಲಿ ಒಂಬತ್ತಾದರೂ ಆ್ಯಪ್‌ನಲ್ಲಿ ದಾಖಲಾಗಿರಬೇಕು. ಎಂಟನೇ ವಾರ ಪ್ಲಾಂಟ್ ಹೆಡ್, ಕ್ವಾಲಿಟಿ, ಫೈನಾನ್ಸ್ ಮೂವರೂ ಕೂತು ಅಂಕಿ ನೋಡಬೇಕು. "ಅಷ್ಟೆಲ್ಲ ಯಾಕೆ, ಸುಮ್ನೆ ಹಾಕಿ ನೋಡೋಣ" ಅಂದರೆ, ಆ ಫೈಲ್ ಮುಂದೆ ಹೋಗುವುದು ಅನುಮಾನ.

ಕ್ಯಾಲೆಂಡರ್ ಮತ್ತು ಕೈಯಲ್ಲಿರುವ ದುಡ್ಡು

ಯಾವ ದಾರಿ ಹಿಡಿದರೂ ಎರಡು ಸಂಗತಿ ತಪ್ಪುವುದಿಲ್ಲ. ಏಪ್ರಿಲ್‌ನಿಂದ ಮಾರ್ಚ್ ಲೆಕ್ಕ ಇಡುವ ಕಂಪನಿಯಲ್ಲಿ ಬಜೆಟ್ ಜನವರಿ-ಫೆಬ್ರವರಿಯಲ್ಲಿ ಗಟ್ಟಿಯಾಗುತ್ತದೆ. ಪೈಲಟ್‌ನ ಅಂಕಿ ಡಿಸೆಂಬರ್ ಒಳಗೆ ಫೈನಾನ್ಸ್ ಮೇಜಿನ ಮೇಲೆ ಇರಬೇಕು. ಅಂದರೆ ಮಾತು ಜೂನ್-ಜುಲೈನಲ್ಲಿ ಶುರುವಾಗಬೇಕು. ಫೆಬ್ರವರಿಯಲ್ಲಿ ಶುರು ಮಾಡಿದರೆ ಒಂದು ವರ್ಷ ಕಾಯಬೇಕಾಗಬಹುದು. ವಿದೇಶಿ ಕಂಪನಿಗಳಲ್ಲಿ ಹಲವು ಜನವರಿಯಿಂದ ಡಿಸೆಂಬರ್ ಲೆಕ್ಕ ಇಡುತ್ತವೆ, ಅಲ್ಲಿ ಇದೆಲ್ಲ ಮೂರು ತಿಂಗಳು ಮುಂಚೆ. ಇನ್ನು, ವರ್ಷದ ಸಬ್‌ಸ್ಕ್ರಿಪ್ಷನ್ ಸಾಮಾನ್ಯವಾಗಿ ಮಾಮೂಲಿ ಖರ್ಚಿನ ಲೆಕ್ಕಕ್ಕೆ ಹೋಗುತ್ತದೆ. ಒಂದೇ ಸಲ ದುಡ್ಡು ತೆಗೆದುಕೊಳ್ಳುವ ಲೈಸೆನ್ಸ್ ಆದರೆ ಕ್ಯಾಪೆಕ್ಸ್, ಅಂದರೆ ಬಂಡವಾಳ ವೆಚ್ಚ, ಅಂತ ಹೆಡ್ ಆಫೀಸಿನವರೆಗೆ ಹೋಗಬಹುದು, ಮೇಜುಗಳು ಇನ್ನಷ್ಟು ಹೆಚ್ಚುತ್ತವೆ.

ಪಿಒ ಬಂದ ಮೇಲೂ ದುಡ್ಡು ಬಂತು ಅಂತಲ್ಲ. 6 ಲಕ್ಷದ ಬಿಲ್ಲಿಗೆ 18 ಪರ್ಸೆಂಟ್ ಜಿಎಸ್‌ಟಿ 1.08 ಲಕ್ಷ. ಗ್ರಾಹಕ 90 ದಿನ ತೆಗೆದುಕೊಂಡರೂ ನೀವು ಅದನ್ನು ಮುಂದಿನ ತಿಂಗಳೇ ಕಟ್ಟಬೇಕು. ಉದ್ಯಮ್ ನೋಂದಣಿ ಇರುವ ಸೂಕ್ಷ್ಮ ಅಥವಾ ಸಣ್ಣ ಉದ್ಯಮ ನಿಮ್ಮದಾದರೆ, 2006ರ ಎಂಎಸ್‌ಎಂಇಡಿ ಕಾಯ್ದೆಯ ಪ್ರಕಾರ ಒಪ್ಪಂದದಲ್ಲಿ ಏನೇ ಬರೆದಿದ್ದರೂ 45 ದಿನ ದಾಟುವಂತಿಲ್ಲ. ಆ ನೋಂದಣಿ ಸಂಖ್ಯೆಯನ್ನು ಕೊಟೇಶನ್‌ನಿಂದಲೇ ಹಾಕುತ್ತಾ ಬನ್ನಿ. ಬಿಲ್ ಕಳಿಸಿದ ಮೇಲೆ ನೆನಪಿಸಿದರೆ ಜಗಳ ತೆಗೆದ ಹಾಗೆ ಕಾಣುತ್ತದೆ.

ಹಾಗಾದರೆ ಯಾವುದು?

ವರ್ಷಕ್ಕೆ 5 ಲಕ್ಷಕ್ಕಿಂತ ಜಾಸ್ತಿ ಬೆಲೆ, ನಾಲ್ಕೈದು ವಿಭಾಗಗಳ ಒಪ್ಪಿಗೆ ಬೇಕು, ಅಳವಡಿಕೆ ಸಣ್ಣದು. ಹೀಗಿದ್ದರೆ ಸ್ವಂತ ತಂಡ, ಜೊತೆಗೆ ಪರಿಚಯ ಮಾಡಿಸುವ ಪಾರ್ಟ್ನರ್. ನಾವು ನಿಂತಿರುವುದು ಇಲ್ಲಿ. ಬೆಲೆ ಇಷ್ಟೇ ಇದ್ದು ಅಳವಡಿಕೆಯೇ ಹಲವು ತಿಂಗಳ ಕೆಲಸವಾದರೆ ಪೂರ್ತಿ ಪಾರ್ಟ್ನರ್‌ಗೆ ಕೊಡಬಹುದು, ಮೊದಲ ಹತ್ತನ್ನು ನೀವೇ ಮಾರಿದ ಮೇಲೆ. ಬೆಲೆ 2 ಲಕ್ಷದ ಹತ್ತಿರ ಇದ್ದು ಮೇಜುಗಳು ನಾಲ್ಕೈದು ಇದ್ದರೆ ಮೂರೂ ದಾರಿ ಸೋಲುತ್ತವೆ. ಆಗ ಬದಲಿಸಬೇಕಾದದ್ದು ಬೆಲೆಯನ್ನು, ಇಲ್ಲವೇ ಒಬ್ಬರೇ ಸಹಿ ಹಾಕಿ ಕೊಳ್ಳುವಷ್ಟು ಸಣ್ಣದಾಗಿ ಸಾಫ್ಟ್‌ವೇರನ್ನು ಒಡೆಯಬೇಕು.

ಆರಿಸಿದ ದಾರಿ ಸರಿ ಇದೆಯೇ ಎಂದು ತಿಳಿಯಲು ಒಂಬತ್ತು ತಿಂಗಳು ಕಾಯಲು ಆಗುವುದಿಲ್ಲ. ಸೇಲ್ಸ್ ಮೀಟಿಂಗ್‌ನಲ್ಲಿ "ತುಂಬಾ ಪಾಸಿಟಿವ್ ಇದ್ದಾರೆ" ಅನ್ನುವ ಮಾತಿಗೆ ಬೆಲೆ ಇಲ್ಲ. ನಾನು ಪ್ರತಿ ಫೈಲಿಗೂ ಕೇಳುವುದು ಎರಡು. ಮೂರನೇ ಭೇಟಿಯ ಹೊತ್ತಿಗೆ ಎರಡನೇ ವಿಭಾಗದವರು ಯಾರಾದರೂ ಕೋಣೆಗೆ ಬಂದರಾ? ಇದು ಯಾವ ಬಜೆಟ್ ಹೆಡ್‌ನಿಂದ ಹೋಗುತ್ತದೆ ಎಂದು ಗ್ರಾಹಕರ ಬಾಯಿಂದ ಬಂತಾ? ಎರಡಕ್ಕೂ ಇಲ್ಲ ಅಂದರೆ ಆ ಫೈಲನ್ನು ಪಟ್ಟಿಯಿಂದ ತೆಗೆಯುತ್ತೇನೆ. ಶಾಪ್ ಫ್ಲೋರನ್ನೂ ತೋರಿಸದೆ, ತಾವೇ ಮಾಡಿದ ಪಟ್ಟಿ ಕೊಟ್ಟು "ನಾಳೆಯೊಳಗೆ ಕೊಟೇಶನ್ ಕಳಿಸಿ" ಅನ್ನುವವರು ಇನ್ನೊಂದು ಬಗೆ. ಆ ಪಟ್ಟಿಯಲ್ಲಿ ಬೇರೊಂದು ಸಾಫ್ಟ್‌ವೇರಿನ ಮೆನುವಿನ ಹೆಸರುಗಳು ಹಾಗೇ ಇದ್ದರೆ ನೀವು ಅಲ್ಲಿ ಮೂರನೇ ಕೊಟೇಶನ್ ಅಷ್ಟೇ. ನಾವು ಅಂಥದಕ್ಕೆ ಒಂದು ಪುಟದಲ್ಲಿ ಬೆಲೆ ಬರೆದು ಕಳಿಸುತ್ತೇವೆ, ಡೆಮೊಗೆ ಎಂಜಿನಿಯರನ್ನು ಕಳಿಸುವುದಿಲ್ಲ.

ಐದನೇ ತಿಂಗಳಲ್ಲಿ ನಮ್ಮ ಪಟ್ಟಿಯಲ್ಲಿ 15 ಫೈಲ್ ಇದ್ದರೆ, ಅದರಲ್ಲಿ ಐದಾದರೂ ಐಟಿ ಫಾರ್ಮ್‌ವರೆಗೆ ಬಂದಿರಬೇಕು ಅಂತ ಇಟ್ಟುಕೊಂಡಿದ್ದೇವೆ. ಇಆರ್‌ಪಿ ಪಾರ್ಟ್ನರ್ ಜೊತೆಗಿದ್ದ ವರ್ಷ ಐದನೇ ತಿಂಗಳಲ್ಲಿ ಆ ಸಂಖ್ಯೆ ಸೊನ್ನೆ ಇತ್ತು. ನೋಡುವ ಅಭ್ಯಾಸ ಇರಲಿಲ್ಲವಾದ್ದರಿಂದ ಇನ್ನೂ ಒಂಬತ್ತು ತಿಂಗಳು ಕಾದೆವು.